ಮೊದಲ ಭೇಟಿಯಲ್ಲಿ ಸಾಂಬಾರು ಚೆಲ್ಲಿತೇ? ಆಮೇಲೆ ಕಳಿಸಬೇಕಾದ ಮೆಸೇಜು, ಹಂತ ಹಂತವಾಗಿ

ಕಳೆದ ಕೆಲವು ತಿಂಗಳಲ್ಲಿ ಒಂದೇ ಬಗೆಯ ಸ್ಕ್ರೀನ್‌ಶಾಟ್ ನನಗೆ ಪದೇಪದೇ ಬಂದಿದೆ. ಮೊದಲ ಸಲ ಭೇಟಿಯಾಗಿದ್ದಾರೆ, ಏನೋ ಚೆಲ್ಲಿದೆ, ಇಲ್ಲವೇ ಮಾತು ನಿಂತುಹೋಗಿದೆ. ಮನೆಗೆ ಬಂದು ಅದನ್ನು ತಮಾಷೆಯಾಗಿ ಸರಿಮಾಡೋಣ ಅಂತ ಮೆಸೇಜು ಕಳಿಸಿದ್ದಾರೆ. ಆ ಕಡೆಯಿಂದ ಒಂದು ನಗುವ ಮುಖ ಬಂದಿದೆ, ಅಷ್ಟೇ. ನಾನೇ ಒಮ್ಮೆ ಇಂಥ ರಾತ್ರಿ ಬೆನ್ನುಬೆನ್ನಿಗೆ ಮೂರು ಮೆಸೇಜು ಕಳಿಸಿ ಕೆಡಿಸಿಕೊಂಡವಳು. ಹಾಗಾಗಿ ಎಲ್ಲಿ ಎಡವುತ್ತೇವೆ ಅನ್ನೋದು ಚೆನ್ನಾಗಿ ಗೊತ್ತು.

ಇಲ್ಲಿ ಒಂದೇ ಪ್ರಕರಣ ಹಿಡಿದುಕೊಂಡು ಹೋಗುತ್ತೇನೆ. ನನ್ನ ಚಿಕ್ಕಮ್ಮನ ಮಗನದು, ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವನು ಪೀಣ್ಯದವನು, ಆ ಹುಡುಗಿ ಬನಶಂಕರಿಯವಳು. ಭಾನುವಾರ ಸಂಜೆ ಗಾಂಧಿ ಬಜಾರಿನ ಒಂದು ಹೋಟೆಲಿನಲ್ಲಿ ಸಿಕ್ಕರು. ಮೊದಲ ಅರ್ಧ ಗಂಟೆ ಚೆನ್ನಾಗೇ ಹೋಯಿತು. ಆಮೇಲೆ ಇವನ ಮೊಣಕೈ ತಗುಲಿ ಸಾಂಬಾರಿನ ಬಟ್ಟಲು ಅವಳ ಬಿಳಿ ಹತ್ತಿ ಕುರ್ತಾ ಮೇಲೆ ಮಗುಚಿತು. ಅಲ್ಲಿಂದ ಮುಂದೆ ಇವನ ಬಾಯಿ ಬಂದ್. ಬಿಲ್ ಕೊಟ್ಟರು, ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣದವರೆಗೆ ಸುಮ್ಮನೆ ನಡೆದರು, ಬೈ ಹೇಳಿದರು. ಅವನಿಗೆ ಉತ್ತರಕ್ಕೆ ಹೋಗುವ ರೈಲು, ಅವಳಿಗೆ ದಕ್ಷಿಣಕ್ಕೆ. ಹಸಿರು ಮಾರ್ಗ ಒಂದೇ, ಪ್ಲಾಟ್‌ಫಾರಂ ಎದುರುಬದುರು. ಬೈ ಹೇಳಿದ ಮೇಲೂ ಹಳಿಯ ಆಚೆ ಈಚೆ ಮುಖಾಮುಖಿ ನಿಂತು, ರೈಲು ಬರುವ ತನಕ ಇಬ್ಬರೂ ಬೋರ್ಡು ಓದಿದರಂತೆ.

## ಶುರು ಮಾಡುವ ಮೊದಲು: ಇದು ತಮಾಷೆಯ ಕೇಸೇ?

ಎಲ್ಲ ಕೇಸಿಗೂ ನಗು ಮದ್ದಲ್ಲ. ಬಿಸಿ ಸಾಂಬಾರು ಅಥವಾ ಕಾಫಿ ಬಟ್ಟೆ ದಾಟಿ ಮೈಗೆ ತಾಗಿದ್ದರೆ ಜೋಕು ಬೇಡವೇ ಬೇಡ. ಅಲ್ಲೇ, ಆಗಲೇ, ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ಪೇಸ್ಟು, ಐಸು ಹಚ್ಚಬಾರದು. ರಾತ್ರಿಯ ಮೆಸೇಜಿನಲ್ಲಿ "ಈಗ ಉರಿ ಹೇಗಿದೆ?" ಅನ್ನೋದೊಂದೇ ಇರಬೇಕು.

ಮಾತು ನಿಂತದ್ದು ಯಾಕೆ ಅಂತಲೂ ನೋಡಿಕೊಳ್ಳಿ. ಮುಜುಗರಕ್ಕೆ ನಿಂತ ಮಾತು ಬೇರೆ, ನೀವು ಆಡಿದ ಯಾವುದೋ ಮಾತಿಗೆ ಆ ಕಡೆಯವರ ಮುಖ ಗಂಟಾಗಿ ನಿಂತ ಮಾತು ಬೇರೆ. ಎರಡನೆಯದಕ್ಕೆ ನೇರವಾದ ಕ್ಷಮೆ ಬೇಕು, ಹಾಸ್ಯ ಹಾಕಿದರೆ ಗಾಯಕ್ಕೆ ಉಪ್ಪು. ಇನ್ನು ಚೆಲ್ಲುವ ಮೊದಲೇ ಅವರು ಒಂದೊಂದೇ ಪದದಲ್ಲಿ ಉತ್ತರಿಸುತ್ತಾ ಗಡಿಯಾರ ನೋಡುತ್ತಿದ್ದರೆ, ಸಾಂಬಾರಿನ ಮೇಲೆ ತಪ್ಪು ಹೊರಿಸಬೇಡಿ. ಅದು ಮುಗಿದ ಕಥೆ.

ಒಂದು ಸುಲಭ ಪರೀಕ್ಷೆ ಇದೆ. ಚೆಲ್ಲುವ ಮುಂಚೆ ಇಬ್ಬರೂ ಒಂದು ಸಲವಾದರೂ ಒಟ್ಟಿಗೆ ನಕ್ಕಿದ್ದಿರಾ? ನಕ್ಕಿದ್ದರೆ ಮುಂದಕ್ಕೆ ಓದಿ.

## ಬೇಕಾಗುವ ಸಾಮಾನು

ಜಾಸ್ತಿ ಏನೂ ಬೇಡ. ವಾಟ್ಸಾಪಿನಲ್ಲಿ ನಿಮಗೆ ನೀವೇ ಮೆಸೇಜು ಕಳಿಸಿಕೊಳ್ಳುವ ಚಾಟ್ ಇದೆಯಲ್ಲ, ಕರಡು ಅಲ್ಲಿ ಬರೆಯಿರಿ. ಅವರ ಚಾಟ್ ತೆರೆದುಕೊಂಡು ಬರೆದು, ಅಳಿಸಿ, ಮತ್ತೆ ಬರೆಯುತ್ತಾ ಕೂತರೆ ಆ ಕಡೆ "ಟೈಪಿಂಗ್" ಅಂತ ಬಂದು ಹೋಗುತ್ತಿರುತ್ತದೆ. ಹತ್ತು ನಿಮಿಷ ಅದನ್ನು ನೋಡಿದವರಿಗೆ ಕೊನೆಗೆ ಎರಡು ಸಾಲಿನ ಜೋಕು ಬಂದರೆ ನಗು ಬರಲ್ಲ, ಕನಿಕರ ಬರುತ್ತದೆ.

ಕಳಿಸಿದ ಮೇಲೆ ತಿದ್ದಲು ಹದಿನೈದು ನಿಮಿಷ ಸಿಗುತ್ತದೆ, ಆದರೆ ತಿದ್ದಿದ ಗುರುತು ಉಳಿಯುತ್ತದೆ. ಪೂರ್ತಿ ಅಳಿಸಿದರೂ ಅಳಿಸಲಾಗಿದೆ ಅನ್ನೋ ಸಾಲು ಉಳಿಯುತ್ತದೆ. ಅದಕ್ಕಿಂತ ಕೆಟ್ಟ ಮೆಸೇಜು ಯಾವುದೂ ಇಲ್ಲ, ಯಾಕಂದರೆ ಅದರಲ್ಲಿ ಏನಿತ್ತು ಅಂತ ಅವರು ಊಹಿಸಿಕೊಳ್ಳುತ್ತಾರೆ.

ಇನ್ನೊಂದು ಸಾಮಾನು: ಕರಡನ್ನು ಜೋರಾಗಿ ಓದಿ ಹೇಳುವ ಒಬ್ಬರು. ಅಕ್ಕ, ತಂಗಿ, ರೂಮ್‌ಮೇಟ್ ಯಾರಾದರೂ ಆದೀತು. ಒಬ್ಬರು ಸಾಕು, ಗ್ರೂಪಿಗೆ ಹಾಕಬೇಡಿ.

## 1. ಯಾವಾಗ ಕಳಿಸುವುದು ಅಂತ ಮೊದಲು ನಿರ್ಧರಿಸಿ

ಬಹಳ ಜನ ಮೊದಲು ಜೋಕು ಹುಡುಕುತ್ತಾರೆ. ಆದರೆ ಮೊದಲು ನಿರ್ಧಾರ ಆಗಬೇಕಾದ್ದು ಹೊತ್ತು, ಏಕೆಂದರೆ ಅದರ ಮೇಲೆ ಏನು ಬರೆಯಬೇಕು ಅನ್ನೋದು ನಿಂತಿದೆ.

ಚೆಲ್ಲಿದ್ದರೆ ಅವತ್ತೇ ರಾತ್ರಿ, ಅವರು ಮನೆ ಮುಟ್ಟಿದ ಒಂದು ಗಂಟೆಯೊಳಗೆ. ಕಲೆ ಬೆಳಗಿನ ತನಕ ಕಾಯುವುದಿಲ್ಲ, ನಿಮ್ಮ ಮೆಸೇಜಿನಿಂದ ಅವರಿಗೆ ಏನಾದರೂ ಉಪಯೋಗ ಆಗಬೇಕಾದರೆ ಆಗಲೇ ಆಗಬೇಕು. ಅವರು ಇನ್ನೂ ದಾರಿಯಲ್ಲಿರುವಾಗ ಬೇಡ. ಒದ್ದೆ ಕುರ್ತಾಗೆ ಬ್ಯಾಗು ಅಡ್ಡ ಹಿಡಿದು ಮೆಟ್ರೋದಲ್ಲಿ ನಿಂತವರಿಗೆ ಯಾವ ಹಾಸ್ಯವೂ ರುಚಿಸಲ್ಲ.

ಬರೀ ಮೌನವಾಗಿದ್ದರೆ ಮಾರನೇ ದಿನ ಮಧ್ಯಾಹ್ನ, ಊಟದ ಹೊತ್ತು. ರಾತ್ರಿ ಹನ್ನೊಂದಕ್ಕೆ "ನಾವಿಬ್ಬರೂ ಮಾತೇ ಆಡಲಿಲ್ಲ ಅಲ್ವಾ" ಅಂತ ಕಳಿಸಿದರೆ ಅದು ಎಷ್ಟೇ ತಮಾಷೆಯಾಗಿರಲಿ, ಅಳುವ ದನಿಯಲ್ಲೇ ಕೇಳಿಸುತ್ತದೆ.

ನಮ್ಮ ಹುಡುಗನ ಕೇಸಿನಲ್ಲಿ ಎರಡೂ ಇತ್ತು. ಆಗ ಎರಡನ್ನೂ ಒಂದೇ ಮೆಸೇಜಿಗೆ ತುರುಕಬೇಡಿ. ರಾತ್ರಿ ಸಾಂಬಾರಿಗೆ, ಮಾರನೇ ದಿನ ಮೌನಕ್ಕೆ. ಎರಡನೆಯದು ಹೋಗಬೇಕಾದರೆ ಮೊದಲನೆಯದಕ್ಕೆ ಉತ್ತರ ಬಂದಿರಬೇಕು. ಬರದಿದ್ದರೆ ಅಲ್ಲಿಗೆ ನಿಂತಿತು.

## 2. ಯಾರನ್ನು ನೋಡಿ ನಗುವುದು ಅಂತ ಆರಿಸಿಕೊಳ್ಳಿ

ಹೆಚ್ಚಿನವರು ಸೋಲುವುದು ಈ ಹಂತದಲ್ಲೇ. ಚಿಕ್ಕಮ್ಮನ ಮಗ ನನಗೆ ತೋರಿಸಿದ ಮೊದಲ ಕರಡು ಹೀಗಿತ್ತು:

"ಹಾಯ್. ಇವತ್ತು ಆಗಿದ್ದಕ್ಕೆ ತುಂಬಾ ತುಂಬಾ ಸಾರಿ. ನಾನು ಯಾವಾಗ್ಲೂ ಹೀಗೇ, ಒಂದು ಕೆಲಸ ನೆಟ್ಟಗೆ ಮಾಡಲ್ಲ, ಹಹ್ಹ. ನಿಮಗೆ ಎಷ್ಟು ಬೇಜಾರಾಗಿರಬಹುದು ಅಂತ ನಿದ್ದೆ ಬರ್ತಿಲ್ಲ. ಕುರ್ತಾ ರೇಟ್ ಹೇಳಿ, ಈಗಲೇ ಕಳಿಸ್ತೀನಿ. ಪ್ಲೀಸ್ ಕೋಪ ಮಾಡ್ಕೋಬೇಡಿ."

ಇಲ್ಲಿ ನಗೆಪಾಟಲಾಗಿರುವುದು ಅವನೇ, ಪೂರಾ ಅವನೇ. ಓದಿದವಳು ಈಗ ಅವನನ್ನು ಸಮಾಧಾನ ಮಾಡಬೇಕು. ಬಟ್ಟೆ ಹಾಳಾದವಳು ಅವಳು, ಸಮಾಧಾನ ಹೇಳುವವಳೂ ಅವಳೇ! "ಕುರ್ತಾ ರೇಟ್ ಹೇಳಿ" ಅನ್ನೋದಂತೂ ಸಂಜೆಯ ಲೆಕ್ಕ ಚುಕ್ತಾ ಮಾಡಿದ ಹಾಗಿದೆ.

ಇದರ ಬಗ್ಗೆ 1966ರ ಒಂದು ಪ್ರಯೋಗ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ ಮತ್ತು ಜೊತೆಗಾರರು ಕ್ವಿಜ್ ಸ್ಪರ್ಧಿಯೊಬ್ಬನ ಧ್ವನಿಮುದ್ರಣವನ್ನು ವಿದ್ಯಾರ್ಥಿಗಳಿಗೆ ಕೇಳಿಸಿದರು. ಕೆಲವು ಟೇಪಿನಲ್ಲಿ ಅವನು ಕೊನೆಗೆ ಮೈಮೇಲೆ ಕಾಫಿ ಚೆಲ್ಲಿಕೊಳ್ಳುತ್ತಾನೆ. ಚೆನ್ನಾಗಿ ಉತ್ತರ ಹೇಳಿದವನು ಚೆಲ್ಲಿಕೊಂಡಾಗ ಕೇಳಿದವರಿಗೆ ಇನ್ನೂ ಇಷ್ಟವಾದ. ಸಾಧಾರಣವಾಗಿ ಆಡಿದವನು ಚೆಲ್ಲಿಕೊಂಡಾಗ ಇದ್ದ ಇಷ್ಟವೂ ಇಳಿಯಿತು. ಅಲ್ಲಿ ಅವನು ಚೆಲ್ಲಿದ್ದು ತನ್ನ ಬಟ್ಟೆಗೆ, ಇಲ್ಲಿ ಇವನು ಚೆಲ್ಲಿದ್ದು ಬೇರೆಯವರ ಬಟ್ಟೆಗೆ, ಆ ವ್ಯತ್ಯಾಸ ಇದೆ. ಆದರೂ ನಮಗೆ ಬೇಕಾದ್ದು ಸಿಕ್ಕಿತು. ಮೊದಲ ಅರ್ಧ ಗಂಟೆಯಲ್ಲಿ ನೀವು ಚೆನ್ನಾಗಿ ಮಾತಾಡಿದ್ದೀರಿ. "ನಾನು ಯಾವಾಗ್ಲೂ ಹೀಗೇ" ಅಂತ ಬರೆದರೆ ಆ ಅರ್ಧ ಗಂಟೆಯನ್ನು ನೀವೇ ಅಳಿಸಿ, ಎರಡನೇ ಸ್ಪರ್ಧಿಯ ಜಾಗಕ್ಕೆ ಹೋಗಿ ಕೂರುತ್ತೀರಿ.

ನಾನು ಬೈದ ಮೇಲೆ ಎರಡನೇ ಕರಡು ಬಂತು: "ಸಾಂಬಾರ್ ಅಭಿಷೇಕ ಹೇಗಿತ್ತು? ಹಳದಿ ಶಾಸ್ತ್ರ ಮುಗೀತು ಅಂದ್ಕೊಳ್ಳಿ!" ಈ ಸಲ ನಗೆಪಾಟಲು ಅವಳು. ಸಾಲದ್ದಕ್ಕೆ ಮೊದಲ ಭೇಟಿಯ ರಾತ್ರಿಯೇ ಮದುವೆಯ ಮಾತು. ಇದನ್ನು ಅವನ ಗೆಳೆಯರು ಸೂಪರ್ ಅಂದಿದ್ದರಂತೆ. ಗ್ರೂಪಿಗೆ ಹಾಕಬೇಡಿ ಅಂದದ್ದು ಇದಕ್ಕೇ.

ಹಾಗಾದರೆ ಯಾರನ್ನು ನೋಡಿ ನಗುವುದು? ಸಾಂಬಾರನ್ನು. ಬಟ್ಟಲನ್ನು, ಆ ಇಕ್ಕಟ್ಟಿನ ಮೇಜನ್ನು. ವಸ್ತುವನ್ನು ಪಾತ್ರ ಮಾಡಿ. ಆದರೆ ತಪ್ಪು ನಿಮ್ಮದು ಅನ್ನೋದು ಎಲ್ಲೋ ಒಂದು ಕಡೆ ನೇರವಾಗಿ ಬರಲಿ. ಇಲ್ಲದಿದ್ದರೆ ಜಾರಿಕೊಂಡ ಹಾಗಾಗುತ್ತದೆ.

## 3. ಕಲೆಯ ಬಗ್ಗೆ ಉಪಯೋಗಕ್ಕೆ ಬರುವ ಒಂದು ಮಾತು ಸೇರಿಸಿ

ಬರೀ ಜೋಕು ಕಳಿಸಿದರೆ ಆ ಕಡೆಯವರು ನಗುವ ಮುಖ ಹಾಕಿ ಮುಗಿಸುತ್ತಾರೆ, ಏಕೆಂದರೆ ಅದಕ್ಕೆ ಬೇರೆ ಉತ್ತರ ಇಲ್ಲ. ಕಲೆಯ ಬಗ್ಗೆ ನಿಜವಾದ ಒಂದು ಮಾಹಿತಿ ಇದ್ದರೆ ಅವರು ಅದನ್ನು ಮಾಡಿ ನೋಡುತ್ತಾರೆ, ಆಮೇಲೆ ಏನಾಯಿತು ಅಂತ ಹೇಳುವುದಕ್ಕೂ ಏನಾದರೂ ಇರುತ್ತದೆ.

ಸಾಂಬಾರಿನ ಹಳದಿ ಅಂದರೆ ಅರಿಶಿನ. ಅದಕ್ಕೊಂದು ವಿಚಿತ್ರ ಗುಣ. ಬಟ್ಟೆ ಸೋಪು ಕ್ಷಾರ, ಅದು ತಾಗಿದ ಕೂಡಲೇ ಹಳದಿ ಕಲೆ ಕೆಂಪಾಗುತ್ತದೆ. ನಮ್ಮ ಮನೆಗಳಲ್ಲಿ ಅರಿಶಿನಕ್ಕೆ ಸುಣ್ಣ ಕಲಸಿ ಆರತಿಯ ಓಕುಳಿ ನೀರು ಮಾಡುತ್ತಾರಲ್ಲ, ಅದೇ ಕೆಂಪು. ಗೊತ್ತಿಲ್ಲದವರು ಕಲೆ ಇನ್ನೂ ಕೆಟ್ಟಿತು ಅಂತ ಗಾಬರಿಯಾಗುತ್ತಾರೆ. ಚೆನ್ನಾಗಿ ಜಾಲಿಸಿದರೆ ಕೆಂಪು ಮತ್ತೆ ಹಳದಿಯಾಗುತ್ತದೆ. ಬಿಸಿಲಿಗೆ ಹಾಕಿದರೆ ಆ ಹಳದಿ ಮಂಕಾಗುತ್ತಾ ಬರುತ್ತದೆ, ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ.

ಕ್ರಮ ಇಷ್ಟು. ಮೊದಲು ಕಲೆಯ ಹಿಂಬದಿಯಿಂದ ತಣ್ಣೀರು ಬಿಡಬೇಕು, ಆಮೇಲೆ ಒಗ್ಗರಣೆ ಎಣ್ಣೆ ಬಿಡಿಸಲು ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ, ಜಾಲಿಸುವುದು, ಬಿಸಿಲು. ಕಲೆ ಹೋಗುವ ಮುಂಚೆ ಇಸ್ತ್ರಿ ಹಾಕಬಾರದು. ಇದು ಬಿಳಿ ಹತ್ತಿಗೆ ಮಾತ್ರ. ಬಣ್ಣದ ಬಟ್ಟೆಯನ್ನು ದಿನವಿಡೀ ಬಿಸಿಲಲ್ಲಿ ಬಿಟ್ಟರೆ ಕಲೆಯ ಜೊತೆ ಬಟ್ಟೆಯ ಬಣ್ಣವೂ ಹೋದೀತು. ರೇಷ್ಮೆಯಾದರೆ ಮನೆಮದ್ದು ಹೇಳಲೇಬೇಡಿ. "ಡ್ರೈಕ್ಲೀನಿಂಗ್ ಖರ್ಚು ನನ್ನದು" ಅಂತ ಒಂದೇ ಸಲ ಹೇಳಿ, ಮತ್ತೆ ಎತ್ತಬೇಡಿ.

ಚೆಲ್ಲಿದ್ದು ಕಾಫಿಯಾದರೆ ಅರಿಶಿನದ ಕಥೆ ಇಲ್ಲ. ಹಾಲು ಇರುವುದರಿಂದ ಬಿಸಿನೀರು ಬೇಡ, ತಣ್ಣೀರು ಅಂತ ಹೇಳಿದರೆ ಸಾಕು.

ಇಷ್ಟನ್ನೂ ಮೆಸೇಜಿನಲ್ಲಿ ಬರೆಯಬೇಡಿ ಮತ್ತೆ. ಬಟ್ಟೆ ಒಗೆಯುವುದು ಹೇಗೆ ಅಂತ ಪಾಠ ಮಾಡಿದರೆ ಯಾರಿಗೂ ಹಿಡಿಸಲ್ಲ. ಒಂದೇ ವಿಷಯ ಆರಿಸಿ. ನಾನು ಕೆಂಪಾಗುವ ವಿಷಯ ಆರಿಸಿಕೊಳ್ಳಲು ಹೇಳಿದೆ, ಏಕೆಂದರೆ ಅದು ಅವಳ ಕಣ್ಣ ಮುಂದೆ ನಡೆದೇ ನಡೆಯುತ್ತದೆ.

## 4. ರಾತ್ರಿಯ ಮೆಸೇಜು ಬರೆಯಿರಿ

ಮೂರನೇ ಕರಡು, ಕಳಿಸಿದ್ದು ಇದೇ:

"ಮನೆ ತಲುಪಿದ್ರಾ? ಸಾಂಬಾರಿಗೆ ನಾನು ಕೊಟ್ಟ ಅಡ್ರೆಸ್ ನನ್ನ ವಡೆದು, ಡೆಲಿವರಿ ನಿಮ್ಮ ಕುರ್ತಾಗೆ ಆಯ್ತು. ತಪ್ಪು ನನ್ನ ಮೊಣಕೈದು, ಸಾರಿ. ಒಂದು ವಿಷಯ, ಸೋಪು ಹಾಕಿದ ತಕ್ಷಣ ಕಲೆ ಕೆಂಪಾಗತ್ತೆ. ಹೆದರಬೇಡಿ, ಅರಿಶಿನ ಹಾಗೇ. ಜಾಲಿಸಿ ನಾಳೆ ಬಿಸಿಲಿಗೆ ಹಾಕಿದ್ರೆ ಇಳಿಯತ್ತೆ."

ಇದರಲ್ಲಿ ಇನ್ನೊಂದು ಭೇಟಿಯ ಮಾತಿಲ್ಲ, ಗಮನಿಸಿ. ರಾತ್ರಿಯ ಮೆಸೇಜಿನಲ್ಲಿ ಕರೆ ಇಟ್ಟರೆ ಕ್ಷಮೆಗೆ ಬೆಲೆ ಕಟ್ಟಿದ ಹಾಗಾಗುತ್ತದೆ. "ಸಾರಿ" ಒಂದೇ ಸಲ ಇದೆ. ಎರಡನೇ "ಸಾರಿ" ಬಂದಲ್ಲಿ ನಗು ಸಾಯುತ್ತದೆ.

"ತಲುಪಿದ್ರಾ" ಅಂತಲೇ ಇದೆ, "ತಲುಪಿದ್ಯಾ" ಅಂತಲ್ಲ. ಹೋಟೆಲಿನಲ್ಲಿ ನೀವು ಅಂತ ಮಾತಾಡಿದ್ದರೆ ಮೆಸೇಜಿನಲ್ಲೂ ನೀವು. ತಮಾಷೆಯ ನೆಪದಲ್ಲಿ ನೀನು ಅಂತ ಜಾರಿದರೆ ಸಲುಗೆ ಕದ್ದ ಹಾಗೆ ಅನ್ನಿಸುತ್ತದೆ. "ಮೇಡಂ" ಕೂಡ ಬೇಡ, ಅದು ಆಟೋ ಹತ್ತಿದ ಹಾಗಿರುತ್ತದೆ.

ಧ್ವನಿ ಮೆಸೇಜು ಬೇಡ. ಮನೆಯಲ್ಲಿ ಅಪ್ಪ ಅಮ್ಮ ಟಿವಿ ಮುಂದೆ ಕೂತಿರುವಾಗ ಅದನ್ನು ಎಲ್ಲಿ ಕೇಳಿಸಿಕೊಳ್ಳಬೇಕು? ನೀವು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರಾದರೆ ಹಾಗೇ ಮಾಡಿ, ಇವತ್ತೊಂದು ದಿನ ಶೈಲಿ ಬದಲಿಸಬೇಡಿ. ಕಳಿಸುವ ಮುಂಚೆ ಒಬ್ಬರಿಂದ ಜೋರಾಗಿ ಓದಿಸಿ ಮಾತ್ರ. ಓದುವವರು ತಡವರಿಸಿದ ಕಡೆ ಅವಳೂ ತಡವರಿಸುತ್ತಾಳೆ.

ಕಳಿಸಿದ ಮೇಲೆ ಫೋನು ಚಾರ್ಜಿಗೆ ಹಾಕಿ, ಬೇರೆ ರೂಮಿಗೆ ಹೋಗಿ.

## 5. ಉತ್ತರವನ್ನು ಕನ್ನಡದಲ್ಲೇ ಓದಿ

ನಾವು ಕನ್ನಡದವರು ಬೇಡ ಅನ್ನುವುದನ್ನು ಬೇಡ ಅಂತ ಹೇಳುವುದು ಕಮ್ಮಿ. "ಪರ್ವಾಗಿಲ್ಲ ಬಿಡಿ" ಅಂತ ಬಂದು ಅಲ್ಲಿಗೇ ನಿಂತರೆ, ಆ "ಬಿಡಿ"ಯನ್ನು ಅದರ ಅರ್ಥದಲ್ಲೇ ತೆಗೆದುಕೊಳ್ಳಿ. "ನೋಡೋಣ" ಅಂದರೆ ಹತ್ತಕ್ಕೆ ಒಂಬತ್ತು ಸಲ ನೋಡುವುದಿಲ್ಲ ಅಂತ. ಉತ್ತರದಲ್ಲಿ ಅವರ ಮನೆಯದೋ, ಕುರ್ತಾದ್ದೋ ಒಂದು ಹೊಸ ಸಂಗತಿ ಇದ್ದರೆ, ಅಥವಾ ನಿಮ್ಮ ಜೋಕಿಗೆ ಅವರದೂ ಒಂದು ಸೇರಿದ್ದರೆ, ಬಾಗಿಲು ತೆರೆದಿದೆ.

ಅವಳಿಂದ ಬಂದದ್ದು: "ಕೆಂಪಾಯ್ತು! ಅಮ್ಮ ನೋಡಿ ಕುಂಕುಮ ಎಲ್ಲಿ ಚೆಲ್ಕೊಂಡೆ ಅಂದ್ರು. ದೇವಸ್ಥಾನಕ್ಕೆ ಹೋಗಿದ್ದೆ ಅಂದೆ."

ಇದಕ್ಕಿಂತ ಒಳ್ಳೆ ಉತ್ತರ ಇಲ್ಲ. ನಮ್ಮವನು ಅದಕ್ಕೆ ಏಳು ಜೋಕು ಬರೆಯಲು ಹೊರಟಿದ್ದ. ಒಂದೇ ಸಾಲು ಬರೆಸಿದೆ: "ಹಾಗಾದ್ರೆ ನಾನೀಗ ಪ್ರಸಾದ. ಗುಡ್ ನೈಟ್." ಗೆದ್ದ ಕಡೆ ಎದ್ದು ಬರುವುದು ಬಹಳ ಕಷ್ಟದ ಕೆಲಸ, ಅದಕ್ಕೇ ಅಕ್ಕ ಬೇಕು.

ಉತ್ತರ ಬರದಿದ್ದರೆ? ಏನೂ ಮಾಡಬೇಡಿ. ನೀಲಿ ಗೆರೆ ಬಂದೂ ಉತ್ತರ ಇಲ್ಲ ಅಂದರೆ ಅದೇ ಉತ್ತರ. ಇನ್‌ಸ್ಟಾಗ್ರಾಮಿನಲ್ಲಿ ಹೋಗಿ ಕೆಣಕುವುದು, ಯುಪಿಐನಲ್ಲಿ ಒಂದು ರೂಪಾಯಿ ಹಾಕಿ ಅದರ ಟಿಪ್ಪಣಿಯಲ್ಲಿ ಜೋಕು ಬರೆಯುವುದು, ಇವೆಲ್ಲ ಕೆಲವರಿಗೆ ಚುರುಕು ಬುದ್ಧಿ ಅನ್ನಿಸುತ್ತದೆ. ಆ ಕಡೆಯವರಿಗೆ ಅದು ಕಾಟ.

## 6. ಮಾರನೇ ದಿನ ಮೌನಕ್ಕೆ ಒಂದು ಕಾರಣ ಕೊಡಿ

ಮೌನದಲ್ಲಿ ಒಂದು ತೊಂದರೆ ಇದೆ, ಅದು ಯಾರದು ಅಂತ ಗೊತ್ತಾಗಲ್ಲ. ಸಾಂಬಾರು ಚೆಲ್ಲಿದವರು ಯಾರು ಅಂತ ಹೋಟೆಲಿಗೆಲ್ಲಾ ಗೊತ್ತು, ಮೌನವನ್ನು ಮಾತ್ರ ಇಬ್ಬರೂ ತಮ್ಮದೇ ಅಂತ ಮನೆಗೆ ಒಯ್ಯುತ್ತಾರೆ. 2011ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹರಿಯುತ್ತಿದ್ದ ಮಾತಿನ ನಡುವೆ ನಾಲ್ಕೇ ಸೆಕೆಂಡಿನ ಮೌನ ಬಂದರೂ ಜನರಿಗೆ ತಮ್ಮನ್ನು ದೂರ ಇಟ್ಟ ಹಾಗೆ ಅನ್ನಿಸಿತು. ಇವರು ಸುಮ್ಮನಿದ್ದದ್ದು ಗಾಂಧಿ ಬಜಾರಿನಿಂದ ನ್ಯಾಷನಲ್ ಕಾಲೇಜಿನ ತನಕ!

ಹಾಗಾಗಿ ಈ ಮೆಸೇಜು ಮಾಡಬೇಕಾದ ಕೆಲಸ ಅಂದರೆ ಮೌನದ ಕಾರಣ ನನ್ನ ಕಡೆಯದು ಅಂತ ತಿಳಿಸುವುದು. "ನಾವಿಬ್ಬರೂ ಎಷ್ಟು ಬೋರ್ ಅಲ್ವಾ" ಅಂತ ಪಾಲು ಹಂಚಬೇಡಿ. "ನೀವೂ ಏನೂ ಮಾತಾಡಲಿಲ್ಲ" ಅಂತಂತೂ ನೂರಕ್ಕೆ ನೂರು ಬೇಡ. ಎಷ್ಟು ನಿಮಿಷ ಸುಮ್ಮನಿದ್ದಿರಿ ಅಂತ ಎಣಿಸಿಯೂ ಹೇಳಬೇಡಿ. ಇಬ್ಬರೂ ಕಂಡ ಒಂದು ದೃಶ್ಯ ಹಿಡಿದುಕೊಳ್ಳಿ, ಅದು ಪ್ಲಾಟ್‌ಫಾರಂ.

"ಆ ಬೋರ್ಡು ನನಗೆ ಈಗ ಬಾಯಿಪಾಠ. ಮಾತಾಡೋಕೆ ಬಾಯಿ ತೆಗೆದಾಗೆಲ್ಲ ಕಣ್ಣು ಆ ಹಳದಿ ಕಲೆ ಮೇಲೆ ಹೋಗ್ತಿತ್ತು, ಅದಕ್ಕೆ ಸುಮ್ನಾಗಿಬಿಟ್ಟೆ. ಅದಕ್ಕೆ ಮುಂಚಿನ ಅರ್ಧ ಗಂಟೆ ನನಗೆ ತುಂಬಾ ಇಷ್ಟ ಆಯ್ತು. ನಿಮಗೂ ಅನ್ಸಿದ್ರೆ ಮುಂದಿನ ಭಾನುವಾರ ಬ್ಯೂಗಲ್ ರಾಕ್ ಹತ್ರ ನಡೀತಾ ಹುರಿದ ಕಡ್ಲೆಕಾಯಿ ತಿನ್ನೋಣ. ಚೆಲ್ಲಿದ್ರೂ ಹೆಕ್ಕಿಕೊಳ್ಳಬಹುದು. ಅನ್ಸದಿದ್ರೆ ಧಾರಾಳವಾಗಿ ಹೇಳಿ."

ನಡುವಿನ ಒಂದು ಸಾಲಿನಲ್ಲಿ ಜೋಕೇ ಇಲ್ಲ. ಬೇಕಂತಲೇ ಬಿಟ್ಟದ್ದು. ಎಲ್ಲ ಸಾಲಿನಲ್ಲೂ ನಗಿಸಿದರೆ ಅವನಿಗೆ ನಿಜಕ್ಕೂ ಇಷ್ಟವಾಯಿತಾ ಅನ್ನೋದು ಅವಳಿಗೆ ಗೊತ್ತಾಗುವುದಿಲ್ಲ. ಕರೆಯಲ್ಲಿ ದಿನ, ಜಾಗ, ತಿಂಡಿ ಮೂರೂ ಇವೆ. "ಯಾವಾಗಾದ್ರೂ ಸಿಗೋಣ" ಅಂದರೆ ಉತ್ತರ ಕೊಡುವ ಕೆಲಸ ಅವಳ ತಲೆಗೆ ಬೀಳುತ್ತದೆ. ಮತ್ತೆ ಅದೇ ಹೋಟೆಲಿಗೆ ಕರೆಯುವುದು ಕೇಳಲು ತಮಾಷೆ, ಹೋಗಿ ಕೂತರೆ ಇಬ್ಬರೂ ಬಟ್ಟಲನ್ನೇ ಕಾಯುತ್ತಾ ಕೂರಬೇಕು. ನಡೆಯುವಾಗ ಮೌನ ಅಷ್ಟು ಕಾಡುವುದೂ ಇಲ್ಲ, ನೋಡಲು ಬೇರೆ ಏನಾದರೂ ಇರುತ್ತದೆ.

ಸಂಜೆ ನಾಲ್ಕಕ್ಕೆ ಉತ್ತರ ಬಂತು: "ಕಡ್ಲೆಕಾಯಿ ಓಕೆ. ಆದ್ರೂ ಕಪ್ಪು ಕುರ್ತಾ ಹಾಕ್ಕೊಂಡ್ ಬರ್ತೀನಿ."

## 7. ಮುಂದಿನ ಭೇಟಿಗೆ ಮುಂಚೆ

ಸಾಂಬಾರಿನ ಜೋಕಿನ ಆಯಸ್ಸು ಇಲ್ಲಿಗೆ ಮುಗಿಯಿತು. ನಡುವಿನ ದಿನಗಳಲ್ಲಿ ಸಾಂಬಾರಿನ ಚಿತ್ರ, ವಿಡಿಯೋ ಕಳಿಸುತ್ತಾ ಹೋಗಬೇಡಿ. ಎದುರು ಸಿಕ್ಕಾಗಲೂ ಅದನ್ನು ನೀವಾಗಿ ಎತ್ತಬೇಡಿ, ಅವರು ಎತ್ತಿದರೆ ನಕ್ಕು ಸುಮ್ಮನಾಗಿ. ನೀವೇ ಎರಡು ಸಲ ಎತ್ತಿದಿರಿ ಅಂದರೆ ಅದು ಇನ್ನೂ ನಿಮ್ಮ ಗಂಟಲಲ್ಲೇ ಇದೆ ಅಂತ ಅವರಿಗೆ ತಿಳಿಯುತ್ತದೆ.

ಭಾನುವಾರ ಹೊರಡುವ ಮುಂಚೆ ಅವನು ಫೋನ್ ಮಾಡಿದ್ದ.

"ಅಕ್ಕಾ, ಕಡ್ಲೆಕಾಯಿ ತಿಂದ್ರೆ ಬಾಯಿ ಒಣಗತ್ತೆ. ಕುಡಿಯೋಕೆ ಏನು ಕೊಡಿಸಲಿ, ಕಾಫೀನಾ?"

"ನೀರು ಕಣೋ," ಅಂದೆ. "ಮುಚ್ಚಳ ಇರೋ ಬಾಟ್ಲಿ."